ದೇಹವೇ ದೇಗುಲವಾದಾಗ: ಭಕ್ತಿಕಾವ್ಯದಲ್ಲಿ ಭಕ್ತಿಯೂ ಪ್ರತಿಭಟನೆಯೂ ಒಂದೇ ಸಾಲಿನಲ್ಲಿ ಸೇರುವ ಬಗೆ

ಪದವಿ ತರಗತಿಯ ಸಾಹಿತ್ಯ ಪತ್ರಿಕೆಯಲ್ಲಿ ‘ಭಕ್ತಿಕಾವ್ಯದಲ್ಲಿ ಭಕ್ತಿ ಮತ್ತು ಸಾಮಾಜಿಕ ಪ್ರತಿಭಟನೆ’ ಎಂಬ ಪ್ರಶ್ನೆ ಬಂದಾಗ ಹೆಚ್ಚಿನ ಉತ್ತರಗಳು ಎರಡು ಭಾಗವಾಗಿ ಒಡೆದುಕೊಳ್ಳುತ್ತವೆ. ಮೊದಲ ಎರಡು ಪುಟಗಳಲ್ಲಿ ದೇವರ ಮೇಲಿನ ಪ್ರೀತಿ, ಶರಣಾಗತಿ, ನಾಮಸ್ಮರಣೆ ಇತ್ಯಾದಿ ಬರುತ್ತವೆ; ಮುಂದಿನ ಎರಡು ಪುಟಗಳಲ್ಲಿ ಜಾತಿಯ ಖಂಡನೆ, ಡಂಭಾಚಾರದ ಟೀಕೆ, ಸ್ತ್ರೀಸಮಾನತೆ ಬರುತ್ತವೆ. ಓದಿದವರಿಗೆ ಒಬ್ಬ ಕವಿಯೊಳಗೆ ಇಬ್ಬರಿದ್ದರು, ಬೆಳಿಗ್ಗೆ ಪೂಜೆ ಮಾಡುತ್ತಿದ್ದವನೊಬ್ಬ, ಸಂಜೆ ಸಮಾಜವನ್ನು ಬೈಯುತ್ತಿದ್ದವನೊಬ್ಬ ಎಂಬ ಭಾವನೆ ಹುಟ್ಟುತ್ತದೆ. ಕವಿತೆಗಳನ್ನು ಹತ್ತಿರದಿಂದ ಓದಿದರೆ ಇವೆರಡೂ ಒಂದೇ ವಾಕ್ಯದಲ್ಲಿ, ಎಷ್ಟೋ ಸಲ ಒಂದೇ ಪದದಲ್ಲಿ ನಡೆಯುತ್ತವೆ. ಅದು ಹೇಗೆ ಎಂಬುದನ್ನು ಕೆಲವೇ ಕವಿತೆಗಳನ್ನು ಹಿಡಿದು ಇಲ್ಲಿ ವಿವರಿಸಲಾಗಿದೆ.

ಭಕ್ತಿ ಎಂಬ ಪದದಿಂದಲೇ ಆರಂಭ

‘ಭಕ್ತಿ’ ಎಂಬುದು ‘ಭಜ್’ ಎಂಬ ಸಂಸ್ಕೃತ ಧಾತುವಿನಿಂದ ಬಂದ ಪದ. ಆ ಧಾತುವಿಗೆ ಸೇವಿಸು ಎಂಬ ಅರ್ಥದ ಜೊತೆಗೆ ಹಂಚಿಕೊಳ್ಳು, ಪಾಲು ಪಡೆ ಎಂಬ ಅರ್ಥಗಳೂ ಇವೆ. ನಾವು ದಿನವೂ ಬಳಸುವ ‘ಭಾಗ’, ‘ವಿಭಾಗ’ ಪದಗಳು ಅದೇ ಬೇರಿನವು. ಆದ್ದರಿಂದ ಭಕ್ತ ಎಂದರೆ ದೇವರಿಗೆ ಅಡ್ಡಬೀಳುವವನಷ್ಟೇ ಅಲ್ಲ, ದೇವರಲ್ಲಿ ಪಾಲು ಇರುವವನೂ ಹೌದು.

ಪ್ರಾಚೀನ ಭಾರತದ ಧಾರ್ಮಿಕ ಜೀವನದಲ್ಲಿ ಈ ಪಾಲು ಎಲ್ಲರಿಗೂ ಇರಲಿಲ್ಲ. ಯಜ್ಞಕ್ಕೆ ಪುರೋಹಿತ ಬೇಕು, ಮಂತ್ರಕ್ಕೆ ಸಂಸ್ಕೃತ ಬೇಕು, ವೇದಾಧ್ಯಯನಕ್ಕೆ ಹುಟ್ಟಿನ ಅರ್ಹತೆ ಬೇಕು. ಕಚೇರಿಯಲ್ಲಿ ಕೆಲಸವಾಗಬೇಕಾದರೆ ಮಧ್ಯವರ್ತಿಯ ಮೂಲಕ ಹೋಗುವುದಕ್ಕೂ, ಸ್ವಂತ ಅಣ್ಣನ ಮನೆಯ ಬಾಗಿಲು ತಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ನೆನೆದರೆ ಭಕ್ತಿ ತಂದ ಬದಲಾವಣೆ ಅರ್ಥವಾಗುತ್ತದೆ. ಸುಮಾರು 6ನೆಯ ಶತಮಾನದಿಂದ 9ನೆಯ ಶತಮಾನದವರೆಗೆ ತಮಿಳುನಾಡಿನಲ್ಲಿ ಹಾಡಿದ ಆಳ್ವಾರರು ಮತ್ತು ನಾಯನ್ಮಾರರು ದೇವರನ್ನು ತಾಯಿಯಾಗಿ, ನಲ್ಲನಾಗಿ, ಒಡೆಯನಾಗಿ, ತಮ್ಮದೇ ನುಡಿಯಲ್ಲಿ ಕರೆದರು. ‘ಭಾಗವತ ಮಾಹಾತ್ಮ್ಯ’ದಲ್ಲಿ ಭಕ್ತಿಯೇ ಹೆಣ್ಣಿನ ರೂಪದಲ್ಲಿ ಬಂದು, ತಾನು ದ್ರಾವಿಡದಲ್ಲಿ ಹುಟ್ಟಿ ಕರ್ಣಾಟಕದಲ್ಲಿ ಬೆಳೆದೆನೆಂದು ಹೇಳಿಕೊಳ್ಳುತ್ತಾಳೆ. ಆ ಬೆಳೆದ ಭಾಗವೇ ನಮಗೆ ಇಲ್ಲಿ ಮುಖ್ಯ.

ದೇವರೊಡನೆ ನೇರವಾಗಿ ಮಾತನಾಡಬಹುದು ಎಂದು ಒಪ್ಪಿದ ಕ್ಷಣದಲ್ಲೇ ಇನ್ನೊಂದು ಪ್ರಶ್ನೆ ಏಳುತ್ತದೆ: ಹಾಗಾದರೆ ನಡುವೆ ನಿಂತವರು ಏಕೆ ಬೇಕು? ಪ್ರತಿಭಟನೆ ಭಕ್ತಿಗೆ ಹೊರಗಿನಿಂದ ಬಂದು ಸೇರಿದ್ದಲ್ಲ ಎನ್ನುವುದು ಈ ಅರ್ಥದಲ್ಲಿ. ‘ಪ್ರತಿಭಟನೆ’ ಎಂದ ಕೂಡಲೇ ಇಂದು ನಮ್ಮ ಕಣ್ಣ ಮುಂದೆ ಮೆರವಣಿಗೆ, ಘೋಷಣೆ, ಬೇಡಿಕೆಯ ಪಟ್ಟಿ ಬರುತ್ತವೆ. ಆ ಚಿತ್ರವನ್ನು ಇಲ್ಲಿ ಬದಿಗಿಡಬೇಕು. ಈ ಕವಿತೆಗಳಲ್ಲಿ ಪ್ರತಿಭಟನೆ ಎಂದರೆ ಯಾರು ದೇವರಿಗೆ ಹತ್ತಿರ, ಯಾರು ದೂರ ಎಂದು ಸಮಾಜ ಹಾಕಿದ ಲೆಕ್ಕವನ್ನು ಒಪ್ಪದಿರುವುದು.

ಆರು ಸಾಲಿನ ಒಂದು ವಚನ

12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿದ್ದ ಬಸವಣ್ಣನವರ ಅತ್ಯಂತ ಪ್ರಸಿದ್ಧ ವಚನವನ್ನೇ ತೆಗೆದುಕೊಳ್ಳೋಣ. ಬಾಯಿಪಾಠವಾಗಿರುವ ಕಾರಣಕ್ಕೇ ಅದನ್ನು ನಾವು ಸರಿಯಾಗಿ ಓದಿರುವುದಿಲ್ಲ.

ಉಳ್ಳವರು ಶಿವಾಲಯ ಮಾಡುವರು
ನಾನೇನ ಮಾಡುವೆ ಬಡವನಯ್ಯಾ.
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಸವಯ್ಯಾ.
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ.

ಮೊದಲ ಸಾಲು ಒಂದು ಸಂಗತಿಯನ್ನು ಹೇಳುತ್ತದೆ, ಟೀಕೆಯನ್ನಲ್ಲ. ಆ ಕಾಲದ ಶಾಸನಗಳನ್ನು ನೋಡಿದರೆ ಅರಸರು, ಸಾಮಂತರು, ವರ್ತಕರ ಸಂಘಗಳು ದೇವಾಲಯಗಳನ್ನು ಕಟ್ಟಿಸಿ, ಅವುಗಳಿಗೆ ಭೂಮಿ, ತೋಟ, ಗಾಣ, ಸುಂಕದ ಪಾಲು ಬಿಟ್ಟುಕೊಟ್ಟ ದಾಖಲೆಗಳು ಸಾಲುಸಾಲಾಗಿ ಸಿಗುತ್ತವೆ. ಗುಡಿ ಎಂದರೆ ಪೂಜೆಯ ಸ್ಥಳ ಮಾತ್ರವಲ್ಲ, ಆಸ್ತಿಯುಳ್ಳ ಸಂಸ್ಥೆ. ಅದನ್ನು ಕಟ್ಟಿಸಿದವನಿಗೆ ಪುಣ್ಯವೂ ಕೀರ್ತಿಯೂ ಒಟ್ಟಿಗೆ ಸಿಗುತ್ತಿದ್ದವು. ‘ಉಳ್ಳವರು’ ಎಂಬ ಒಂದೇ ಪದ ಈ ಇಡೀ ವ್ಯವಸ್ಥೆಯನ್ನು ಹಿಡಿದಿಡುತ್ತದೆ. ಏನು ಉಳ್ಳವರು ಎಂಬುದನ್ನು ವಚನ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಎರಡನೆಯ ಸಾಲು ಆ ವ್ಯವಸ್ಥೆಯ ಎದುರು ಕೈಚೆಲ್ಲಿದಂತೆ ಕೇಳುತ್ತದೆ. ‘ನಾನೇನ ಮಾಡುವೆ’ ಎಂಬುದನ್ನು ಅಸಹಾಯಕತೆಯ ಉದ್ಗಾರವಾಗಿಯೂ, ನಿಜವಾದ ಪ್ರಶ್ನೆಯಾಗಿಯೂ ಓದಬಹುದು. ಮೂರನೆಯ ಸಾಲು ಅದನ್ನು ಪ್ರಶ್ನೆಯೆಂದೇ ಹಿಡಿದು ಉತ್ತರ ಕೊಡುತ್ತದೆ. ಇಲ್ಲಿ ಧ್ವನಿಯ ಕೆಲಸವನ್ನು ಗಮನಿಸಬೇಕು: ಕಾಲು–ಕಂಬ, ದೇಹ–ದೇಗುಲ ಎಂದು ಮೊದಲಕ್ಷರದ ವರ್ಣ ಹೊಂದಿಕೊಂಡು ಬರುತ್ತದೆ. ಅರ್ಥದಲ್ಲಿ ದೂರವಿರುವ ಎರಡು ವಸ್ತುಗಳು, ಕಲ್ಲು ಮತ್ತು ಮಾಂಸ, ನಾಲಗೆಯ ಮೇಲೆ ಅಕ್ಕಪಕ್ಕದವಾಗುತ್ತವೆ. ಶಿರ–ಕಳಸದಲ್ಲಿ ಆ ಹೊಂದಿಕೆ ನಿಲ್ಲುತ್ತದೆ, ಅದರ ಬದಲಿಗೆ ‘ಹೊನ್ನ’ ಎಂಬ ಪದ ಸೇರುತ್ತದೆ. ಬಡವನೆಂದು ಹೇಳಿಕೊಂಡವನ ಗುಡಿಗೂ ಬಂಗಾರದ ಕಳಸವೇ ಇದೆ, ಕಟ್ಟಲು ಮಾತ್ರ ಒಂದು ಕಾಸೂ ಖರ್ಚಾಗಿಲ್ಲ.

ಇದು ಭಕ್ತಿಯೋ ಪ್ರತಿಭಟನೆಯೋ? ತನ್ನ ಇಡೀ ಶರೀರವನ್ನು ದೇವರ ಮನೆಯಾಗಿ ಒಪ್ಪಿಸುವುದು ಭಕ್ತಿಯ ಪರಮಾವಧಿ. ಅದೇ ಒಪ್ಪಿಸುವಿಕೆ ಗುಡಿ ಕಟ್ಟುವ ಹಕ್ಕನ್ನು ಉಳ್ಳವರ ಕೈಯಿಂದ ಜಾರಿಸುತ್ತದೆ, ಏಕೆಂದರೆ ಕಾಲು, ದೇಹ, ಶಿರ ಎಲ್ಲರಿಗೂ ಇವೆ. ಗುಡಿಯೊಳಗೆ ಯಾರು ಬರಬಹುದು, ಯಾರು ಬರಬಾರದು ಎಂಬ ನಿಯಮವೂ ಇಲ್ಲಿಗೆ ಮುಗಿಯಿತು. ತಾನೇ ಗುಡಿಯಾದವನನ್ನು ಗುಡಿಯ ಹೊರಗೆ ನಿಲ್ಲಿಸುವುದು ಹೇಗೆ? ಜಾತಿ ಎಂಬ ಪದವೇ ಇಲ್ಲದ ಈ ವಚನ ಜಾತಿಯ ಲೆಕ್ಕವನ್ನು ಕೆಡಿಸುವುದು ಹೀಗೆ.

ಕೊನೆಯ ಸಾಲಿನ ಎರಡು ಪದಗಳಿಗೆ ವಿವರಣೆ ಬೇಕು. ‘ಸ್ಥಾವರ’ ಎಂದರೆ ನಿಂತದ್ದು, ನೆಲೆಗೊಂಡದ್ದು. ಇಲ್ಲಿ ಕಲ್ಲಿನ ಗುಡಿ. ‘ಜಂಗಮ’ ಎಂದರೆ ಚಲಿಸುವುದು; ಶರಣರ ನಡುವೆ ಅದು ಊರೂರು ಸುತ್ತುತ್ತ ಅರಿವನ್ನು ಹಂಚುವ ಸಂನ್ಯಾಸಿಗೂ ಸಲ್ಲುವ ಹೆಸರು, ದೇವರ ಚಲಿಸುವ ರೂಪಕ್ಕೂ ಸಲ್ಲುವ ಹೆಸರು. ಗಟ್ಟಿಯಾದ ಕಲ್ಲು ಅಳಿಯುತ್ತದೆ, ನಡೆದಾಡುವ ಜೀವ ಅಳಿಯುವುದಿಲ್ಲ ಎಂಬ ಮಾತು ಸಾಮಾನ್ಯ ಅನುಭವಕ್ಕೆ ವಿರುದ್ಧವಾಗಿದೆ. ಆ ವಿರೋಧವೇ ವಚನದ ತಿರುಳು. ಬಸವಣ್ಣನವರು ಗುಡಿಗಳನ್ನು ಕೆಡವಿರೆಂದು ಹೇಳಲಿಲ್ಲ. ಗುಡಿಯನ್ನು ಶಾಶ್ವತವೆಂದು ನಂಬಿ ಕಟ್ಟಿಸಿದವರ ಲೆಕ್ಕ ತಪ್ಪಿದೆ ಎಂದು ದೇವರಿಗೇ ಹೇಳಿದರು.

ದೇವರಿಗೇ ಹೇಳಿದರು ಎಂಬುದು ಇಲ್ಲಿ ಬಹಳ ಮುಖ್ಯ. ವಚನ ಉಳ್ಳವರನ್ನು ಉದ್ದೇಶಿಸಿ ಒಂದು ಮಾತನ್ನೂ ಆಡುವುದಿಲ್ಲ. ಅವರು ‘ಅವರು’ ಆಗಿಯೇ ಉಳಿಯುತ್ತಾರೆ. ‘ಕೇಳಯ್ಯಾ’ ಎಂಬ ಕರೆ ಕೂಡಲಸಂಗಮನಿಗೆ. ಮನೆಯಲ್ಲಿ ಸೊಸೆ ಅತ್ತೆಗೆ ಹೇಳಬೇಕಾದುದನ್ನು ಮಗುವಿಗೆ ಹೇಳುವಂತೆ ಜೋರಾಗಿ ಹೇಳುವುದುಂಟು. ಇಲ್ಲಿಯೂ ಮಾತು ದೇವರ ಕಡೆಗೆ, ಕಿವಿ ಸಮಾಜದ್ದು. ಭಕ್ತಿಕಾವ್ಯವನ್ನು ಓದುವಾಗ ‘ಈ ಮಾತನ್ನು ಯಾರಿಗೆ ಹೇಳಲಾಗುತ್ತಿದೆ, ಯಾರು ಕೇಳಿಸಿಕೊಳ್ಳಲೆಂದು’ ಎಂಬ ಒಂದು ಪ್ರಶ್ನೆಯನ್ನು ಹಿಡಿದರೆ ಅರ್ಧ ದಾರಿ ಸಾಗಿದಂತೆ.

ಬಡವನೆಂದ ಭಂಡಾರಿ

ಇಲ್ಲೊಂದು ತೊಡಕಿದೆ, ವಿದ್ಯಾರ್ಥಿಗಳು ಅದನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಶರಣ ಪರಂಪರೆಯ ಕಥನಗಳ ಪ್ರಕಾರ ಬಸವಣ್ಣನವರು ಕಳಚುರಿ ಅರಸ ಬಿಜ್ಜಳನ ಭಂಡಾರಿಯಾಗಿದ್ದರು, ಹುಟ್ಟಿನಿಂದ ಬ್ರಾಹ್ಮಣರಾಗಿದ್ದರು. ಹೀಗಿರುವಾಗ ‘ಬಡವನಯ್ಯಾ’ ಎಂಬುದು ಆತ್ಮಚರಿತ್ರೆಯ ಮಾತಾಗಲಾರದು.

ಅದು ಅವರು ಆರಿಸಿಕೊಂಡ ಸ್ಥಾನ. ಇನ್ನೊಂದು ವಚನದಲ್ಲಿ ಈ ಆಯ್ಕೆ ಎಷ್ಟು ದೂರ ಹೋಗುತ್ತದೆ ನೋಡಿ: ‘ಚೆನ್ನಯ್ಯನ ಮನೆಯ ದಾಸನ ಮಗನು, ಕಕ್ಕಯ್ಯನ ಮನೆಯ ದಾಸಿಯ ಮಗಳು’, ಇವರಿಬ್ಬರು ಹೊಲಕ್ಕೆ ಬೆರಣಿಗೆ ಹೋದಾಗ ಕೂಡಿ ಹುಟ್ಟಿದ ಮಗ ತಾನು ಎನ್ನುತ್ತಾರೆ, ‘ಕೂಡಲಸಂಗಮದೇವ ಸಾಕ್ಷಿಯಾಗಿ’. ಮಾದಾರ ಚೆನ್ನಯ್ಯ ಮತ್ತು ಡೋಹರ ಕಕ್ಕಯ್ಯ ಇಬ್ಬರೂ ಸಮಾಜ ಅಸ್ಪೃಶ್ಯವೆಂದು ದೂರವಿಟ್ಟ ಕುಲಗಳಿಂದ ಬಂದ ಶರಣರು. ಈ ವಚನದಲ್ಲಿ ಬಸವಣ್ಣ ಅವರ ಮಗನೆಂದೂ ಹೇಳಿಕೊಳ್ಳಲಿಲ್ಲ, ಅವರ ಮನೆಯ ಆಳುಮಕ್ಕಳ ಮಗನೆಂದು ಹೇಳಿಕೊಂಡರು. ಬ್ರಾಹ್ಮಣನೊಬ್ಬ ತನ್ನ ವಂಶಾವಳಿಯನ್ನೇ ಬದಲಿಸಿಕೊಳ್ಳುವ ಈ ಮಾತಿಗೆ ಸಾಕ್ಷಿಯಾಗಿ ನಿಲ್ಲಿಸಿದ್ದು ಮತ್ತೆ ದೇವರನ್ನೇ. ದೇವರ ಮುಂದೆ ಕಿರಿಯನಾಗುವುದು ಭಕ್ತಿಯ ಹಳೆಯ ರೀತಿ. ಆ ಕಿರಿತನಕ್ಕೆ ಸಮಾಜದ ಅತ್ಯಂತ ಕೆಳಗಿನ ಮೆಟ್ಟಿಲನ್ನೇ ಆರಿಸಿಕೊಂಡಾಗ ಅದು ಪ್ರತಿಭಟನೆಯೂ ಆಗುತ್ತದೆ.

ಆದರೂ ಮೇಲಿನಿಂದ ಕೆಳಗಿಳಿದು ಬಂದವರ ಮಾತಿಗೂ, ಕೆಳಗೇ ಹುಟ್ಟಿದವರ ಮಾತಿಗೂ ಅಂತರವಿದೆ. ಕೆಳಗಿಳಿಯುವವರಿಗೆ ಆಯ್ಕೆ ಇತ್ತು. ಆಯ್ಕೆ ಇಲ್ಲದವರು ಹೇಗೆ ಮಾತನಾಡಿದರು?

‘ಈಸಕ್ಕಿಯಾಸೆ ನಿಮಗೇಕೆ?’

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮರಿಗೆ ಉಣಬಡಿಸುವುದನ್ನು ಕಾಯಕ ಮಾಡಿಕೊಂಡಿದ್ದರು. ‘ಕಾಯಕ’ ಎಂದರೆ ಮೈಮುರಿದು, ಪ್ರಾಮಾಣಿಕವಾಗಿ, ಪೂಜೆಯಷ್ಟೇ ಶ್ರದ್ಧೆಯಿಂದ ಮಾಡುವ ದುಡಿಮೆ. ಆ ದುಡಿಮೆಯ ಫಲವನ್ನು ಇತರರೊಡನೆ ಹಂಚಿಕೊಳ್ಳುವುದು ‘ದಾಸೋಹ’. ಒಂದು ದಿನ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದನೆಂದು ಕಥೆ. ಆಗ ಲಕ್ಕಮ್ಮ ಹೇಳಿದ ವಚನ ಇದು:

ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?
ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ?
ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.
ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ ಮಾರಯ್ಯಾ.

ಇಲ್ಲಿ ಕೇಳುವವನು ದೇವರಲ್ಲ, ಗಂಡ. ‘ಈಸಕ್ಕಿ’ ಎಂದರೆ ಇಷ್ಟೊಂದು ಅಕ್ಕಿ. ತಂದದ್ದು ನಾಲ್ಕು ಹಿಡಿ ಹೆಚ್ಚು ಇದ್ದೀತು, ಆದರೆ ಲಕ್ಕಮ್ಮ ಆ ಹೆಚ್ಚನ್ನು ಅರಸನ ಆಸೆಯ ಪಕ್ಕದಲ್ಲಿ ಇಡುತ್ತಾಳೆ. ನಾಳೆಗೆಂದು ಕೂಡಿಡುವ ಬಡವನ ಚೀಲಕ್ಕೂ ರಾಜ್ಯವನ್ನು ಕೂಡಿಡುವ ಅರಸನ ಭಂಡಾರಕ್ಕೂ ಗುಣದಲ್ಲಿ ವ್ಯತ್ಯಾಸವಿಲ್ಲ ಎಂಬುದು ಅವಳ ವಾದ. ದೇವರ ಹೆಸರಿನಲ್ಲೇ ಖರ್ಚಾಗಲಿದ್ದರೂ ‘ಈಶ್ವರನೊಪ್ಪ’, ಈಶ್ವರ ಒಪ್ಪುವುದಿಲ್ಲ. ಉಳ್ಳವರು ಕಟ್ಟಿಸಿದ ಶಿವಾಲಯದ ಬಗ್ಗೆ ಬಸವಣ್ಣ ಕೇಳಿದ ಪ್ರಶ್ನೆಯನ್ನು ಲಕ್ಕಮ್ಮ ತನ್ನ ಅಡುಗೆಮನೆಯ ಮೊರದ ಮುಂದೆ ಕೇಳುತ್ತಾಳೆ, ಇನ್ನೂ ಬಿಗಿಯಾಗಿ.

ಪ್ರತಿ ವಚನದ ಕೊನೆಗೆ ಬರುವ ದೇವರ ಹೆಸರಿಗೆ ‘ಅಂಕಿತ’ ಎನ್ನುತ್ತಾರೆ; ಅದು ವಚನಕಾರರ ಗುರುತಿನ ಮುದ್ರೆ. ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನಿಗೆ ಪ್ರಿಯವಾದ ದೇವರೆಂದೇ ಅವಳು ದೇವರನ್ನು ಕರೆಯುತ್ತಾಳೆ, ಆ ಉಸಿರಿನಲ್ಲೇ ಇದು ಆ ದೇವರಿಗೆ ದೂರ, ಮಾರಯ್ಯಾ ಎಂದು ಗಂಡನನ್ನು ತಿದ್ದುತ್ತಾಳೆ. ಪ್ರಿಯ ಮತ್ತು ದೂರ ಎಂಬ ಎರಡು ಪದಗಳ ನಡುವೆ ಹೆಂಡತಿಯ ಗೌರವವೂ ಗುರುವಿನ ಅಧಿಕಾರವೂ ಒಟ್ಟಿಗೆ ನಿಂತಿವೆ. ಸ್ತ್ರೀಸಮಾನತೆಯ ಬಗ್ಗೆ ಈ ವಚನ ಒಂದಕ್ಷರವನ್ನೂ ಆಡುವುದಿಲ್ಲ. ಹೆಂಡತಿ ಗಂಡನಿಗೆ ಬುದ್ಧಿ ಹೇಳಬಲ್ಲಳು ಎಂಬುದನ್ನು ಮಾಡಿ ತೋರಿಸುತ್ತದೆ, ಅಷ್ಟೆ.

ಅಕ್ಕಮಹಾದೇವಿಯ ದಾರಿ ಬೇರೆ. ಸಾವಿಲ್ಲದ, ಕೇಡಿಲ್ಲದ, ರೂಹಿಲ್ಲದ ಚೆಲುವನಿಗೆ ಒಲಿದೆನೆಂದು ಹೇಳುತ್ತ, ‘ಸಾವ ಕೆಡುವ ಗಂಡರನೊಯ್ದು ಒಲೆಯೊಳಗಿಕ್ಕು ತಾಯೆ’ ಎಂದು ಮುಗಿಸುವ ವಚನದಲ್ಲಿ ಅವಳು ಮಾತನಾಡುತ್ತಿರುವುದು ಇತರ ಹೆಂಗಸರೊಡನೆ. ದೇವರನ್ನು ಗಂಡನೆಂದು ಭಾವಿಸುವ ‘ಶರಣಸತಿ ಲಿಂಗಪತಿ’ ಭಾವ ಪುರುಷ ವಚನಕಾರರಿಗೆ ರೂಪಕ ಮಾತ್ರ. ಹೆಣ್ಣೊಬ್ಬಳು ಅದನ್ನು ಅಕ್ಷರಶಃ ತೆಗೆದುಕೊಂಡಾಗ ಮನೆಯೊಳಗಿನ ಗಂಡನಿಗೆ ಜಾಗವೇ ಉಳಿಯುವುದಿಲ್ಲ.

ಮಂಗಳವೇಢೆಯ ಗೋಡೆ, ಪಂಢರಪುರದ ಬಾಗಿಲು

ಕಲ್ಯಾಣಕ್ಕೂ ಮೊದಲು ಕಳಚುರಿಗಳ ನೆಲೆಯಾಗಿದ್ದ ಊರು ಮಂಗಳವೇಢೆ, ಇಂದಿನ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಸುಮಾರು ಒಂದೂವರೆ ಶತಮಾನದ ಬಳಿಕ ಅದೇ ಊರಿನಲ್ಲಿ ಬಾಳಿದವನು ಮರಾಠಿಯ ಸಂತಕವಿ ಚೋಖಾಮೇಳ. ಅವನು ಮಹಾರ ಜಾತಿಯವನು, ಪಂಢರಪುರದ ವಿಠ್ಠಲನ ಭಕ್ತ, ಆದರೆ ಆ ಗುಡಿಯೊಳಗೆ ಕಾಲಿಡುವಂತಿರಲಿಲ್ಲ. ಬಸವಣ್ಣನ ‘ದೇಹವೇ ದೇಗುಲ’ವನ್ನು ಓದಿದ ಮೇಲೆ ಚೋಖಾಮೇಳನನ್ನು ಓದಿದರೆ ಬಾಗಿಲಿನ ಹೊರಗೆ ನಿಂತವನಿಗೆ ಭಕ್ತಿ ಹೇಗೆ ಕಾಣುತ್ತದೆ ಎಂಬುದು ತಿಳಿಯುತ್ತದೆ.

ವಿಠ್ಠಲನ ಭಕ್ತರಾದ ವಾರಕರಿ ಪಂಥದವರು ಹಾಡುವ ಮರಾಠಿಯ ಭಕ್ತಿಗೀತೆಗೆ ‘ಅಭಂಗ’ ಎಂದು ಹೆಸರು. ಚೋಖಾಮೇಳನ ಹೆಸರಾಂತ ಅಭಂಗವೊಂದರ ಭಾವ ಹೀಗಿದೆ: ಕಬ್ಬು ಡೊಂಕು, ಆದರೆ ಅದರ ರಸ ಡೊಂಕಲ್ಲ, ಹೊರಗಿನ ಬಣ್ಣಕ್ಕೆ ಏಕೆ ಮರುಳಾಗುತ್ತೀರಿ? ಬಿಲ್ಲು ಡೊಂಕು, ಬಾಣ ಡೊಂಕಲ್ಲ. ನದಿ ಡೊಂಕು, ನೀರು ಡೊಂಕಲ್ಲ. ಚೋಖಾ ಡೊಂಕು, ಅವನ ಭಾವ ಡೊಂಕಲ್ಲ. ಹೊಲದ ಬದುವಿನಲ್ಲಿ ನಿಂತವನ ಹೋಲಿಕೆಗಳಿವು. ಇಲ್ಲಿ ‘ಡೊಂಕು’ ಎಂಬ ಸಮಾಜದ ತೀರ್ಪನ್ನು ಕವಿ ನಿರಾಕರಿಸುವುದಿಲ್ಲ, ತನ್ನನ್ನೇ ಡೊಂಕೆಂದು ಕರೆದುಕೊಳ್ಳುತ್ತಾನೆ. ಅವನು ಕೇಳುವುದು, ತೀರ್ಪು ರಸದ ಮೇಲೆ ಬರಲಿ, ಸಿಪ್ಪೆಯ ಮೇಲೆ ಬೇಡ ಎಂದು.

ಇನ್ನೊಂದು ಅಭಂಗದಲ್ಲಿ ಅವನು, ಹಿಂದಿನ ಜನ್ಮದಲ್ಲಿ ಕೃಷ್ಣನನ್ನು ನಿಂದಿಸಿದ್ದರಿಂದ ತನಗೆ ಮಹಾರನ ಜನ್ಮ ಬಂತು ಎನ್ನುತ್ತಾನೆ. ಪ್ರತಿಭಟನೆಯ ಕವಿ ಎಂದು ಅವನನ್ನು ಒಂದೇ ಮಾತಿನಲ್ಲಿ ಕರೆಯುವವರಿಗೆ ಈ ಸಾಲು ಮುಜುಗರ ತರುತ್ತದೆ. ಆದರೆ ಇದನ್ನು ಮುಚ್ಚಿಡಬಾರದು. ತನ್ನನ್ನು ಹೊರಗಿಟ್ಟ ವ್ಯವಸ್ಥೆಯ ಕಾರಣಗಳನ್ನೇ, ಅಂದರೆ ಕರ್ಮದ ಲೆಕ್ಕವನ್ನೇ, ಕವಿ ಒಪ್ಪಿಕೊಂಡು ಅಳುವುದೂ ಭಕ್ತಿಕಾವ್ಯದಲ್ಲಿ ಉಂಟು.

ಅವನ ಮಗ ಕರ್ಮಮೇಳನಿಗೆ ಬಂದಾಗ ದನಿ ಬದಲಾಗುತ್ತದೆ. ನಮ್ಮನ್ನು ಹೀನ ಜಾತಿಯವರನ್ನಾಗಿ ಮಾಡಿದೆಯಲ್ಲ, ಇದು ನಿನಗೇಕೆ ತಿಳಿಯದು ಶ್ರೀಪತಿ, ಎಂಜಲು ತಿನ್ನುತ್ತಲೇ ಜನ್ಮ ಹೋಯಿತು, ನಿನ್ನ ಮನಸ್ಸಿಗೆ ನಾಚಿಕೆಯಾಗುವುದಿಲ್ಲವೆ ಎಂದು ಅವನು ವಿಠ್ಠಲನನ್ನೇ ಕೇಳುತ್ತಾನೆ. ಅಪ್ಪ ಹಿಂದಿನ ಜನ್ಮದ ಮೇಲೆ ಹೊರಿಸಿದ ತಪ್ಪನ್ನು ಮಗ ನೇರವಾಗಿ ದೇವರ ಮೇಲೆ ಹೊರಿಸುತ್ತಾನೆ. ಹೀಗೆ ಬೈಯಲು ಸಾಧ್ಯವಾಗುವುದು ದೇವರು ತನ್ನವನೆಂಬ ಸಲುಗೆ ಇದ್ದಾಗ ಮಾತ್ರ. ಆ ಸಲುಗೆಗೇ ಭಕ್ತಿ ಎನ್ನುವುದು.

ಮಂಗಳವೇಢೆಯಲ್ಲಿ ಕೋಟೆಗೋಡೆಯ ಕೆಲಸ ಮಾಡುತ್ತಿದ್ದಾಗ ಗೋಡೆ ಕುಸಿದು, ಸುಮಾರು 1338ರಲ್ಲಿ, ಚೋಖಾಮೇಳ ಸತ್ತನೆಂದು ಪರಂಪರೆ ಹೇಳುತ್ತದೆ. ಅವನ ಸಮಾಧಿ ಇರುವುದು ಪಂಢರಪುರದ ಗುಡಿಯ ಮಹಾದ್ವಾರದ ಎದುರು, ಹೊರಗೆ. ಆ ಗುಡಿಯ ಬಾಗಿಲು ದಲಿತರಿಗೆ ತೆರೆದದ್ದು 1947ರಲ್ಲಿ, ಮರಾಠಿ ಲೇಖಕ, ಸ್ವಾತಂತ್ರ್ಯ ಹೋರಾಟಗಾರ ಸಾನೆ ಗುರೂಜಿಯವರು ಉಪವಾಸ ಕೂತ ಬಳಿಕ. ಆರು ನೂರು ವರ್ಷ ಆ ಅಭಂಗಗಳನ್ನು ಹಾಡುತ್ತಲೇ ಬಂದ ವಾರಕರಿಗಳ ನಡುವೆಯೇ ಆ ಬಾಗಿಲು ಮುಚ್ಚಿತ್ತು. ಭಕ್ತಿಕಾವ್ಯದ ಪ್ರತಿಭಟನೆಯ ಮಿತಿ ಎಂದು ವಿಮರ್ಶಕರು ಹೇಳುವುದು ಇದನ್ನೇ: ದೇವರ ಮುಂದೆ ಎಲ್ಲರೂ ಸಮಾನರೆಂದು ಒಪ್ಪಿಕೊಂಡವರೇ ಊರಿನಲ್ಲಿ ಸಮಾನರೆಂದು ಒಪ್ಪದಿರಬಹುದು.

ಉತ್ತರ ಬರೆಯುವಾಗ ಎಡವುವ ಜಾಗಗಳು

ಮೊದಲನೆಯದು ಕಥೆಯನ್ನೂ ಕವಿತೆಯನ್ನೂ ಬೆರೆಸುವುದು. ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಚಮ್ಮಾರ ಮೂಲದ ಹರಳಯ್ಯನ ಮಗನಿಗೂ ನಡೆದ ಮದುವೆ, ಅದರಿಂದ ಕಲ್ಯಾಣದಲ್ಲಿ ಎದ್ದ ಗಲಭೆ ಮೊದಲಾದವು ನಂತರದ ಕಾಲದ ಪುರಾಣ, ಕಾವ್ಯಗಳ ಮೂಲಕ ನಮಗೆ ಬಂದ ಕಥನಗಳು. ಅವನ್ನು ಬಳಸಬಾರದೆಂದಲ್ಲ, ‘ಪರಂಪರೆಯ ಪ್ರಕಾರ’ ಎಂದು ಹೇಳಿ ಬಳಸಬೇಕು. ವಚನದ ಅರ್ಥಕ್ಕೆ ಆಧಾರವಾಗಿ ವಚನದ ಪದಗಳನ್ನೇ ತೋರಿಸಬೇಕು.

ಎರಡನೆಯದು ಎಲ್ಲ ಕವಿಗಳಿಗೂ ಒಂದೇ ಬಗೆಯ ಪ್ರತಿಭಟನೆಯನ್ನು ಅಂಟಿಸುವುದು. 16ನೆಯ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ನೋಡಿ. ಅಲ್ಲಿ ದೇವರನ್ನು ಕರೆದು ಮೊರೆಯಿಡುವ ಭಕ್ತನೇ ಇಲ್ಲ. ಭತ್ತವೂ ರಾಗಿಯೂ ರಾಮನ ಮುಂದೆ ಜಗಳವಾಡುತ್ತವೆ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ, ಕೊನೆಗೆ ಕೆಡದೆ ಉಳಿದ ನರೆದಲೆಗನೆಂಬ ರಾಗಿ ಗೆಲ್ಲುತ್ತದೆ. ಮೇಲುಕೀಳಿನ ಪ್ರಶ್ನೆಗೆ ಇಲ್ಲಿನ ಉತ್ತರ ತಾಳಿಕೆಯ ಪರೀಕ್ಷೆ, ತೀರ್ಪುಗಾರ ಮಾತ್ರ ದೇವರು. ಬಸವಣ್ಣನವರ ವಿಧಾನದಿಂದ ಇದು ಬಹಳ ದೂರ, ಮತ್ತು ಆ ದೂರವನ್ನು ಬರೆಯುವುದೇ ಒಳ್ಳೆಯ ಉತ್ತರ.

ಮೂರನೆಯದು ಸಣ್ಣದಾಗಿ ಕಂಡರೂ ಅಂಕ ಕಳೆಯುವ ತಪ್ಪು: ಅಂಕಿತವನ್ನು ನೋಡದೆ ವಚನವನ್ನು ಉಲ್ಲೇಖಿಸುವುದು. ‘ಕಾಯಕವೇ ಕೈಲಾಸ’ ಎಂಬುದನ್ನು ಗೋಡೆಬರಹಗಳಿಂದ ಹಿಡಿದು ಭಾಷಣಗಳವರೆಗೆ ಎಲ್ಲೆಡೆ ಬಸವಣ್ಣನವರ ಮಾತೆಂದೇ ಹೇಳುತ್ತಾರೆ. ಆ ನುಡಿ ಬರುವ ವಚನ ಆಯ್ದಕ್ಕಿ ಮಾರಯ್ಯನದು. ಕಾಯಕದಲ್ಲಿ ತೊಡಗಿರುವಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಎದುರಿಗೆ ಬಂದು ನಿಂತರೂ ಹಂಗು ಹರಿಯಬೇಕು ಎಂದು ಹೇಳಿದ ಮೇಲೆ ‘ಕಾಯಕವೆ ಕೈಲಾಸವಾದ ಕಾರಣ’ ಎಂಬ ಮಾತು ಅಲ್ಲಿ ಬರುತ್ತದೆ, ಕೊನೆಗೆ ಅಮರೇಶ್ವರಲಿಂಗವೂ ಕಾಯಕದೊಳಗೇ ಸೇರುತ್ತದೆ. ಭಂಡಾರಿಯ ಬಾಯಲ್ಲಿ ಅದು ದುಡಿಯುವವರಿಗೆ ಹೇಳಿದ ಉಪದೇಶವಾಗುತ್ತಿತ್ತು. ಅಕ್ಕಿ ಆಯುವವನ ಬಾಯಲ್ಲಿ ಅದು, ನನ್ನ ಕೆಲಸ ಮುಗಿಯುವವರೆಗೆ ದೇವರೂ ಕಾಯಲಿ ಎಂಬ ಮಾತು.